ಚಹಾ ಕುಡಿದಾಗ ಬರುವ ಕೆಮ್ಮು: ವಾಲ್ವ್ ತೆಗೆಸುವ ಮೊದಲು ಅದು ಎಲ್ಲಿ ಸೋರುತ್ತಿದೆ ನೋಡಿ

ಪ್ರಶ್ನೆ: ಅಪ್ಪನಿಗೆ 64 ವರ್ಷ. ಬದಿಯಡ್ಕ ಹತ್ತಿರ ನಮ್ಮ ಅಡಿಕೆ ತೋಟ. ಕ್ಯಾನ್ಸರ್ ಆಗಿ ಕಳೆದ ವರ್ಷ ಮಂಗಳೂರಿನಲ್ಲಿ ಧ್ವನಿಪೆಟ್ಟಿಗೆ ಪೂರ್ತಿ ತೆಗೆದರು, ಆಮೇಲೆ ರೇಡಿಯೇಶನ್ ಕೊಟ್ಟರು. ಆಪರೇಶನ್ ದಿನವೇ ಮಾತಾಡುವ ವಾಲ್ವ್ ಹಾಕಿದ್ದರು. ಮೊದಲನೆಯದು ಆರು ತಿಂಗಳು ಬಂತು, ಎರಡನೆಯದು ಎರಡೂವರೆ ತಿಂಗಳು. ಮೂರನೆಯದು ಹಾಕಿ ಐದು ವಾರ ಆಯಿತಷ್ಟೆ, ಆಗಲೇ ಚಹಾ ಕುಡಿದರೆ ಕೆಮ್ಮು. ಗಂಜಿಗೆ ಅಷ್ಟಿಲ್ಲ. ಸ್ವರ ಚೆನ್ನಾಗಿದೆ. ವಾಲ್ವ್ ಸ್ವಲ್ಪ ಹಿಂದೆ ಮುಂದೆ ಜಾರುವ ಹಾಗೆ ಕಾಣುತ್ತದೆ. ಕಾರ್ಡಿನಲ್ಲಿ ಮೂರಕ್ಕೂ 10 ಎಂದು ಬರೆದಿದೆ. ಪ್ರತಿ ಸಲ ಖರ್ಚು, ಹೋಗಿ ಬರುವ ಕಷ್ಟ. ವಾಲ್ವ್ ತೆಗೆಸಿ ತೇಗಿನ ಮಾತು ಕಲಿಯಲಿ ಅನ್ನುತ್ತಾರೆ ಸೋದರಮಾವ. ಕುತ್ತಿಗೆಗೆ ಹಿಡಿಯುವ ಮೆಷಿನ್ ತರುತ್ತೇನೆ ಅನ್ನುತ್ತಾನೆ ದುಬೈಯಲ್ಲಿರುವ ತಮ್ಮ. ನಾವು ಏನು ಮಾಡುವುದು?

ಉತ್ತರ: ಸದ್ಯಕ್ಕೆ ವಾಲ್ವ್ ತೆಗೆಸಬೇಡಿ. ನಿಮ್ಮ ಪತ್ರದಲ್ಲಿರುವ ಎರಡು ವಿಷಯಗಳು, ಅಂದರೆ ವಾಲ್ವ್ ಜಾರುವುದು ಮತ್ತು ಮೂರು ಸಲವೂ 10 ಎಂದು ಬರೆದಿರುವುದು, ನನಗೆ ಮುಖ್ಯವಾಗಿ ಕಂಡವು. ವಾಲ್ವ್ ಹಾಳಾಗಿರುವುದಕ್ಕಿಂತ ಅದರ ಅಳತೆ ಈಗ ತಂದೆಯವರಿಗೆ ಉದ್ದವಾಗಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಅದೇ ಅಳತೆಯ ಹೊಸದನ್ನು ಎಷ್ಟು ಸಲ ಹಾಕಿದರೂ ಕೆಮ್ಮು ಮರಳಿ ಬರುತ್ತದೆ. ಇದನ್ನು ಮನೆಯಲ್ಲೇ ಬಹುಮಟ್ಟಿಗೆ ತಿಳಿದುಕೊಳ್ಳಬಹುದು. ಹೇಗೆಂದು ಹೇಳುತ್ತೇನೆ.

ಮೊದಲು ಈ ಕೆಮ್ಮಿನ ಅರ್ಥ. ನಮಗೆ ನಿಮಗೆ ಚಹಾ ನೆತ್ತಿಗೇರುವುದು ಗಂಟಲಲ್ಲಿ ಉಸಿರಿನ ದಾರಿಯೂ ಅನ್ನದ ದಾರಿಯೂ ಒಂದೇ ಕಡೆ ಕೂಡುವುದರಿಂದ. ತಂದೆಯವರಿಗೆ ಆ ಕೂಡುದಾರಿಯೇ ಈಗ ಇಲ್ಲ. ಧ್ವನಿಪೆಟ್ಟಿಗೆ ತೆಗೆದಾಗ ಶ್ವಾಸನಾಳವನ್ನು ಕುತ್ತಿಗೆಯ ಮುಂಭಾಗದ ಚರ್ಮಕ್ಕೆ ಹೊಲಿದು ತೂತು ಮಾಡಿರುತ್ತಾರೆ, ಅದನ್ನೇ ಸ್ಟೋಮಾ ಅನ್ನುವುದು. ಬಾಯಿಯಿಂದ ಹೋದದ್ದು ಅನ್ನನಾಳಕ್ಕೆ ಮಾತ್ರ ಹೋಗುತ್ತದೆ. ಎರಡು ನಾಳಗಳ ನಡುವಿನ ಗೋಡೆಯಲ್ಲಿ ವೈದ್ಯರೇ ಮಾಡಿದ ಒಂದು ಸಣ್ಣ ರಂಧ್ರವಿದೆ, ವಾಲ್ವ್ ಕುಳಿತಿರುವುದು ಅದರಲ್ಲಿ. ಹಾಗಾಗಿ ಕುಡಿದ ತಕ್ಷಣ ಕೆಮ್ಮು ಬಂದರೆ ನೀರು ಅಲ್ಲಿಂದಲೇ ಶ್ವಾಸನಾಳಕ್ಕೆ ಇಳಿಯುತ್ತಿದೆ ಎಂದು ತಿಳಿಯಬೇಕು. ಹೊಲಿಗೆ ಬಿಟ್ಟು ಬೇರೆ ಕಡೆ ತೂತಾಗುವುದೂ ಉಂಟು, ಆದರೆ ಆಪರೇಶನ್ ಆಗಿ ಇಷ್ಟು ತಿಂಗಳ ಮೇಲೆ ಅದು ಅಪರೂಪ. ವಯಸ್ಸಿನ ಕೆಮ್ಮು, ಶೀತದ ಕೆಮ್ಮು ಎಂದು ಇದನ್ನು ಬಿಟ್ಟುಬಿಡುವ ಹಾಗಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಚಹಾ, ಸಾರು, ಎಂಜಲು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ.

ಸೋರುವುದು ಎರಡು ಬಗೆ. ಒಂದು, ವಾಲ್ವಿನ ನಡುವಿನಿಂದ. ಸಿಲಿಕೋನಿನ ಆ ಕೊಳವೆಯ ಅನ್ನನಾಳದ ಕಡೆಯ ತುದಿಯಲ್ಲಿ ತೆಳ್ಳಗಿನ ಒಂದು ರೆಪ್ಪೆ ಇದೆ. ತಂದೆಯವರು ಸ್ಟೋಮಾವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟಾಗ ಅದು ತೆರೆದು ಗಾಳಿಯನ್ನು ಅನ್ನನಾಳಕ್ಕೆ ಬಿಡುತ್ತದೆ, ನುಂಗುವಾಗ ಮುಚ್ಚಿಕೊಳ್ಳುತ್ತದೆ. ಬಾಯಿಯಲ್ಲಿ ಸಹಜವಾಗಿ ಇರುವ ಕ್ಯಾಂಡಿಡಾ ಎಂಬ ಶಿಲೀಂಧ್ರ ಆ ರೆಪ್ಪೆಯ ಮೇಲೆ ಪದರಗಟ್ಟಿದರೆ ಅದು ಸರಿಯಾಗಿ ಮುಚ್ಚುವುದಿಲ್ಲ. ಹೆಚ್ಚಿನ ವಾಲ್ವುಗಳು ಕೊನೆಗೆ ಹಾಳಾಗುವುದು ಹೀಗೆಯೇ. ಎರಡರಿಂದ ಆರು ತಿಂಗಳು ಬಾಳುವುದು ಸಾಮಾನ್ಯ. ನಿಮ್ಮ ಎರಡನೆಯದು ಎರಡೂವರೆ ತಿಂಗಳಿಗೆ ಹೋದದ್ದು ಅಂಥ ವಿಶೇಷವೇನಲ್ಲ.

ಇನ್ನೊಂದು, ವಾಲ್ವಿನ ಸುತ್ತಿನಿಂದ. ವಾಲ್ವ್ ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೂ ರಂಧ್ರದ ಅಂಚಿಗೂ ನಡುವೆ ಸಂದಿ ಬಿಟ್ಟಿರುತ್ತದೆ. ಸ್ವರ ಕೆಡದೆ ಕೆಮ್ಮು ಮಾತ್ರ ಶುರುವಾಗಿರುವುದರಿಂದ ನನಗೆ ಇದರ ಮೇಲೆ ಅನುಮಾನ. ಆಪರೇಶನ್ ಆದಾಗ ಆ ಗೋಡೆ ಬಾತು ದಪ್ಪಗಾಗಿರುತ್ತದೆ. ಆಗ 10 ಮಿಲಿಮೀಟರ್ ಉದ್ದದ್ದು ಸರಿಯಾಗಿಯೇ ಕೂತಿರಬಹುದು. ತಿಂಗಳುಗಳು ಕಳೆದಂತೆ ಬಾವು ಇಳಿದು ಗೋಡೆ ತೆಳ್ಳಗಾಗುತ್ತದೆ. ಆಗ ಅದೇ ವಾಲ್ವ್ ತೆಳು ಹಲಗೆಗೆ ಹಾಕಿದ ಉದ್ದ ಬೋಲ್ಟಿನ ಹಾಗೆ ಪ್ರತಿ ನುಂಗಿಗೂ ಪ್ರತಿ ಕೆಮ್ಮಿಗೂ ಹಿಂದೆ ಮುಂದೆ ಓಡಾಡಿ ರಂಧ್ರವನ್ನು ಇನ್ನೂ ಅಗಲ ಮಾಡುತ್ತದೆ. ಹೆಚ್ಚಿನ ಕಂಪನಿಗಳ ವಾಲ್ವ್ 4, 6, 8, 10 ಹೀಗೆ ಎರಡೆರಡು ಮಿಲಿಮೀಟರ್ ವ್ಯತ್ಯಾಸದಲ್ಲಿ ಸಿಗುತ್ತವೆ. ಮೊದಲ ವರ್ಷದಲ್ಲಿ 10 ಇದ್ದವರು 8ಕ್ಕೆ, 6ಕ್ಕೆ ಇಳಿಯುವುದು ತೀರಾ ಮಾಮೂಲು. ಅದಕ್ಕೇ ಪ್ರತಿ ಸಲ ಬದಲಾಯಿಸುವಾಗ ಗೋಡೆಯನ್ನು ಹೊಸದಾಗಿ ಅಳೆಯಬೇಕು, ಹಳೆಯ ಕಾರ್ಡ್ ನೋಡಿ ಅದನ್ನೇ ಹಾಕಿದರೆ ಸಾಲದು.

ಈಗ ಮನೆಯಲ್ಲಿ ನೋಡುವ ಬಗೆ. ಅಂಗಡಿಯಲ್ಲಿ ಸಿಗುವ ಹಸಿರು ಫುಡ್ ಕಲರ್ ತನ್ನಿ. ಬೀಟ್‌ರೂಟ್ ನೀರು ಬೇಡ, ಆಮೇಲೆ ರಕ್ತವೋ ಬಣ್ಣವೋ ಎಂದು ಗೊತ್ತಾಗದೆ ಗಾಬರಿಯಾಗುತ್ತದೆ. ಬಾಗಿಲ ಬೆಳಕಿಗೆ ಎದುರಾಗಿ ತಂದೆಯವರನ್ನು ನೆಟ್ಟಗೆ ಕೂರಿಸಿ. ಮೊದಲು ಕೆಮ್ಮಿ ಕಫ ತೆಗೆಯಲಿ. ಅವರಿಗೆ ಕಲಿಸಿಕೊಟ್ಟ ಹಾಗೆ ವಾಲ್ವನ್ನು ಬ್ರಷ್ಷಿನಿಂದ ಸ್ವಚ್ಛ ಮಾಡಿ, ಸುತ್ತ ಒರೆಸಿ ಒಣಗಿಸಿ. ನೀವು ಟಾರ್ಚ್ ಹಿಡಿದು ಸ್ಟೋಮಾದ ಒಳಗೆ ವಾಲ್ವಿನ ಮುಖ ಪೂರ್ತಿ ಕಾಣುವ ಹಾಗೆ ನಿಲ್ಲಿ. ಈಗ ಒಂದು ಚಮಚ ಹಸಿರು ನೀರು ನುಂಗಲಿ. ಕಣ್ಣು ತೆಗೆಯಬೇಡಿ, ಕೆಮ್ಮು ಬಂದ ಮೇಲೆ ಎಲ್ಲ ಕಡೆ ಬಣ್ಣ ಚೆಲ್ಲಿ ಏನೂ ತಿಳಿಯುವುದಿಲ್ಲ. ಮೊದಲ ಹಸಿರು ಹನಿ ಎಲ್ಲಿ ಮೂಡಿತು ಎಂಬುದೇ ಉತ್ತರ. ಕೊಳವೆಯ ಬಾಯಿಯೊಳಗೆ ಹನಿ ಕಂಡರೆ ನಡುವಿನ ಸೋರಿಕೆ. ವಾಲ್ವನ್ನು ಗೋಡೆಗೆ ಹಿಡಿದಿಡುವ ಹೊರಬಿಲ್ಲೆಯ ಅಂಚಿನಡಿಯಿಂದ, ಹೆಚ್ಚಾಗಿ ಕೆಳಗಿನ ಬದಿಯಿಂದ, ಜಿನುಗಿದರೆ ಸುತ್ತಿನ ಸೋರಿಕೆ. ಸಂಶಯವಿದ್ದರೆ ಒರೆಸಿ ಇನ್ನೊಮ್ಮೆ ನೋಡಿ. ಕೆಮ್ಮು ಜೋರಾದರೆ ಅಲ್ಲಿಗೇ ನಿಲ್ಲಿಸಿ. ಮೊಬೈಲಿನಲ್ಲಿ ವಿಡಿಯೋ ತೆಗೆದಿಟ್ಟರೆ ವೈದ್ಯರಿಗೆ ತೋರಿಸಲು ಆಗುತ್ತದೆ.

ಇನ್ನೊಂದು ಗಮನಿಸಿ. ಅವರು ಸುಮ್ಮನೆ ಉಸಿರಾಡುವಾಗಲೂ ನುಂಗುವಾಗಲೂ ವಾಲ್ವಿನ ಹೊರಬಿಲ್ಲೆ ಗೋಡೆಗೆ ಅಂಟಿಕೊಂಡೇ ಇದೆಯೇ, ಅಥವಾ ಎರಡು ಮೂರು ಮಿಲಿಮೀಟರಿನಷ್ಟು ಎದ್ದು ಬರುತ್ತದೆಯೇ? ಎದ್ದು ಬಂದರೆ ಉದ್ದ ಹೆಚ್ಚಾಗಿದೆ ಎಂದೇ ಅರ್ಥ. ನೀವು ಜಾರುವ ಹಾಗೆ ಕಾಣುತ್ತದೆ ಎಂದಿರುವುದು ಇದೇ ಇರಬೇಕು.

ನಡುವಿನಿಂದ ಸೋರುವುದು ಖಚಿತವಾದರೆ ಬ್ರಷ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿ. ಅನ್ನದ ಅಗುಳಿನ ಚೂರು ರೆಪ್ಪೆಯಲ್ಲಿ ಸಿಕ್ಕಿಕೊಂಡಿದ್ದರೆ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಬದಲಾಯಿಸುವುದೇ ದಾರಿ. ಅಲ್ಲಿಯವರೆಗೆ ಊಟದ ಹೊತ್ತಿಗೆ ವಾಲ್ವಿನ ಬಾಯಿಗೆ ಹಾಕುವ ಪ್ಲಗ್ ಸಿಗುತ್ತದೆ, ಅದೇ ಕಂಪನಿಯದ್ದು ಬೇಕು. ಪ್ಲಗ್ ಇರುವಾಗ ಮಾತಾಡಲಾಗುವುದಿಲ್ಲ, ಊಟ ಮುಗಿದ ಮೇಲೆ ತೆಗೆಯಬೇಕು. ಬ್ರಷ್ ಎಂದರೆ ವಾಲ್ವಿನ ಜೊತೆ ಕೊಟ್ಟ ಬ್ರಷ್ ಮಾತ್ರ. ಹತ್ತಿ ಸುತ್ತಿದ ಕಡ್ಡಿ ಹಾಕಿದರೆ ಎಳೆ ಒಳಗೆ ಉಳಿಯುತ್ತದೆ, ಬೇರೆ ಚೂಪಾದ ಯಾವುದನ್ನು ಹಾಕಿದರೂ ರೆಪ್ಪೆ ಹರಿಯುತ್ತದೆ. ಬೆಳಿಗ್ಗೆ, ರಾತ್ರಿ ಮತ್ತು ಊಟದ ಮೇಲೆ ಬ್ರಷ್ ಮಾಡಬೇಕು. ಕಟ್ಟುಹಲ್ಲು ಇದ್ದರೆ ರಾತ್ರಿ ತೆಗೆದು ತೊಳೆದಿಡಬೇಕು, ಶಿಲೀಂಧ್ರದ ಒಂದು ತವರು ಅದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೂ, ರೇಡಿಯೇಶನ್ನಿನಿಂದ ಬಾಯಿ ಒಣಗಿದ್ದರೂ ಕ್ಯಾಂಡಿಡಾ ಬೇಗ ಬೆಳೆಯುತ್ತದೆ. ವಾಲ್ವ್ ಪದೇಪದೇ ಹೀಗೆ ಹೋಗುತ್ತಿದ್ದರೆ ವೈದ್ಯರು ನಿಸ್ಟಾಟಿನ್ ದ್ರವ ಬರೆದುಕೊಡುವುದುಂಟು. ಮಜ್ಜಿಗೆ ಕುಡಿದರೆ ಒಳ್ಳೆಯದೇ ಎಂದು ತುಂಬಾ ಮಂದಿ ಕೇಳುತ್ತಾರೆ. ಹುಳಿ ಬರಿಸಿದ ಹಾಲಿನ ಪದಾರ್ಥಗಳು ಈ ಪದರವನ್ನು ಕಡಿಮೆ ಮಾಡಬಹುದೇ ಎಂದು ನೆದರ್‌ಲ್ಯಾಂಡ್ಸಿನಲ್ಲಿ ಅಧ್ಯಯನಗಳು ನಡೆದಿವೆ. ನಮ್ಮ ಊಟದಲ್ಲಿ ಮಜ್ಜಿಗೆ ಹೇಗೂ ಇದೆ, ಇರಲಿ, ಆದರೆ ಸೋರುತ್ತಿರುವಾಗ ನೀರು ಮಜ್ಜಿಗೆ ಬೇಡ, ಗಟ್ಟಿ ಮೊಸರು ಕೊಡಿ.

ಸುತ್ತಿನಿಂದ ಸೋರುತ್ತಿದ್ದರೆ ಪ್ಲಗ್ಗಿನಿಂದ ಏನೂ ಆಗುವುದಿಲ್ಲ. ಆಸ್ಪತ್ರೆಗೆ ಹೋದಾಗ ವಾಲ್ವ್ ತೆಗೆದು ಅಳತೆಕಡ್ಡಿ ಹಾಕಿ ಗೋಡೆ ಎಷ್ಟು ದಪ್ಪ ಇದೆ ಎಂದು ಅಳೆಯಲು ಕೇಳಿ. ಓಪಿಡಿಯಲ್ಲೇ ಕೆಲವು ನಿಮಿಷಗಳ ಕೆಲಸ. ಹೊಸ ಅಳತೆಯದ್ದನ್ನು ಹಾಕಿದ ಮೇಲೆ ಅಲ್ಲೇ ಕುಳಿತು ನೀರು ಕುಡಿಸಿ ನೋಡಿಯೇ ಹೊರಡಿ. ಅಳತೆ ಸರಿಯಿದ್ದೂ ಸೋರಿದರೆ ಶ್ವಾಸನಾಳದ ಕಡೆಗೆ ಸಿಲಿಕೋನಿನ ತೆಳು ವಾಷರ್ ಕೂರಿಸುತ್ತಾರೆ, ಇಲ್ಲವೇ ರಂಧ್ರದ ಸುತ್ತ ಹೊಲಿಗೆ ಹಾಕಿ ಬಿಗಿ ಮಾಡುತ್ತಾರೆ, ಇಲ್ಲವೇ ಕೆಲವು ದಿನ ವಾಲ್ವ್ ತೆಗೆದು ರಂಧ್ರ ತಾನಾಗಿ ಕುಗ್ಗಲು ಬಿಡುತ್ತಾರೆ. ಸಂದಿ ಬಿಟ್ಟಿದೆ ಎಂದು ಇನ್ನೂ ದಪ್ಪ ಕೊಳವೆ ತುರುಕುವುದನ್ನು ನಾನು ಒಪ್ಪುವುದಿಲ್ಲ. ಒಂದು ವಾರ ನಿಂತ ಹಾಗೆ ಕಂಡು ಆಮೇಲೆ ರಂಧ್ರ ಇನ್ನೂ ದೊಡ್ಡದಾಗುತ್ತದೆ. ಹಾಗೆಂದು ಅಳತೆಯನ್ನು ತೀರಾ ಕಡಿಮೆ ಮಾಡುವುದೂ ಕೂಡದು, ಬಿಲ್ಲೆ ಮಾಂಸದೊಳಗೆ ಹೂತುಹೋಗುತ್ತದೆ.

ಎರಡು ಕಾರಣಗಳನ್ನು ಜನ ಮರೆಯುತ್ತಾರೆ. ಹುಳಿತೇಗು, ಎದೆಯುರಿ ಇದ್ದರೆ ಹೊಟ್ಟೆಯ ಆಮ್ಲ ರಂಧ್ರದ ಅಂಚನ್ನು ತಿನ್ನುತ್ತಿರುತ್ತದೆ, ಅದಕ್ಕೆ ಔಷಧಿ ಬೇಕು. ಇನ್ನೊಂದು ಥೈರಾಯ್ಡ್. ಈ ಆಪರೇಶನ್ ಮತ್ತು ರೇಡಿಯೇಶನ್ ಎರಡೂ ಆದವರಲ್ಲಿ ಥೈರಾಯ್ಡ್ ಕುಗ್ಗುವುದು ಬಹಳ ಸಾಮಾನ್ಯ, ಕುಗ್ಗಿದರೆ ಗಾಯದ ಅಂಚು ಬಿಗಿಯಾಗಿ ಕೂಡುವುದಿಲ್ಲ. ಟಿಎಸ್‌ಎಚ್ ರಕ್ತಪರೀಕ್ಷೆ ಬದಿಯಡ್ಕದ ಲ್ಯಾಬಿನಲ್ಲೇ ಮಾಡಿಸಿಕೊಂಡು ಹೋಗಿ. ರಂಧ್ರದ ಸುತ್ತ ಹೊಸ ಗಂಟು, ರಕ್ತ, ತೂಕ ಇಳಿಯುವುದು ಇದ್ದರೆ ವಾಲ್ವಿನ ಮಾತು ಆಮೇಲೆ, ಮೊದಲು ಆಪರೇಶನ್ ಮಾಡಿದವರೇ ನೋಡಬೇಕು.

ಜಾರುವ ವಾಲ್ವ್ ಕಳಚಿ ಬೀಳುವುದೂ ಇದೆ. ಹಾಗಾದರೆ ಮೊದಲು ವಾಲ್ವ್ ಕೈಗೆ ಸಿಕ್ಕಿತೇ ನೋಡಿ. ಸಿಗದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದಿರಬಹುದು, ಕೆಮ್ಮು ನಿಂತಿದ್ದರೂ ಅದೇ ದಿನ ಎದೆಯ ಎಕ್ಸ್‌ರೇ ಆಗಬೇಕು. ಖಾಲಿ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ, ಕುಂಬಳೆ ದಾರಿಯಾಗಿ ಮಂಗಳೂರು ಮುಟ್ಟುವಷ್ಟರಲ್ಲಿ ತಡವಾಗಬಹುದು. ಅದಕ್ಕೆ ಒಂದು ರಬ್ಬರ್ ಕ್ಯಾಥೆಟರನ್ನು ಆ ರಂಧ್ರಕ್ಕೆ ಹಾಕಿ, ಹೊರತುದಿಗೆ ಗಂಟು ಹಾಕಿ, ಕುತ್ತಿಗೆಗೆ ಟೇಪ್ ಅಂಟಿಸುವುದನ್ನು ಮುಂದಿನ ಸಲ ಹೋದಾಗ ನಿಮ್ಮ ಕೈಯಲ್ಲೇ ಮಾಡಿಸಿ ಕಲಿಸಲು ಕೇಳಿ. ಅಳತೆಯ ಕ್ಯಾಥೆಟರ್ ಒಂದು ಮನೆಯಲ್ಲಿರಲಿ. ಕಲಿಯದೆ ಪ್ರಯತ್ನಿಸಬೇಡಿ, ಹತ್ತಿರದ ಇಎನ್‌ಟಿ ವೈದ್ಯರಲ್ಲಿಗೆ ಓಡಿ.

ಇನ್ನು ಸೋದರಮಾವ ಹೇಳಿದ ತೇಗಿನ ಮಾತು. ಕಾಸು ಖರ್ಚಿಲ್ಲ, ಕೈ ಬೇಡ, ಬದಲಾಯಿಸುವ ವಸ್ತುವಿಲ್ಲ, ಇವೆಲ್ಲ ನಿಜ. ಬಾಯಿಯ ಗಾಳಿಯನ್ನು ಅನ್ನನಾಳದ ಮೇಲುಭಾಗಕ್ಕೆ ಒತ್ತಿ, ಹೊಟ್ಟೆಗೆ ಇಳಿಯಲು ಬಿಡದೆ ತಕ್ಷಣ ಹಿಂದಕ್ಕೆ ಬಿಡುವುದು. ಅನ್ನನಾಳದ ಬಾಯಿಯ ಸ್ನಾಯು ಅದುರಿ ಸ್ವರವಾಗುತ್ತದೆ. ವಾಲ್ವಿನಲ್ಲಿ ಮಾತಾಡುವಾಗ ಅದುರುವುದೂ ಅದೇ ಸ್ನಾಯು. ತಂದೆಯವರ ಸ್ವರ ಈಗ ಚೆನ್ನಾಗಿದೆ ಎಂದರೆ ಆ ಸ್ನಾಯು ಸೆಟೆದುಕೊಂಡಿಲ್ಲ, ಅರ್ಧ ಕೆಲಸ ಆಗಿದೆ. ಉಳಿದದ್ದು ಗಾಳಿ ತುಂಬುವ ಕಲೆ. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಮನಸ್ಸಿಟ್ಟು ಮಾಡಿದವರಲ್ಲೂ ಎಲ್ಲರಿಗೆ ದಕ್ಕುವುದಿಲ್ಲ. ದಕ್ಕಿದರೂ ಒಂದು ಸಲ ಹಿಡಿಯುವ ಗಾಳಿ 60ರಿಂದ 80 ಮಿಲಿಲೀಟರ್ ಮಾತ್ರ, ನಾಲ್ಕೈದು ಅಕ್ಷರಗಳಿಗೆ ಮತ್ತೆ ತುಂಬಬೇಕು. ವಾಲ್ವಿನಲ್ಲಿ ಶ್ವಾಸಕೋಶದ ಗಾಳಿ ಸಿಗುವುದರಿಂದ ಪೂರ್ತಿ ವಾಕ್ಯ ಒಂದೇ ಉಸಿರಿಗೆ ಬರುತ್ತದೆ, ತೋಟದಲ್ಲಿ ಆಳುಗಳಿಗೆ ಕೇಳುವಷ್ಟು ಗಟ್ಟಿಯೂ ಇರುತ್ತದೆ. ಹಾಗಾಗಿ ವಾಲ್ವ್ ತೆಗೆಸಿ ಇದನ್ನು ಕಲಿಯುವುದಲ್ಲ, ವಾಲ್ವ್ ಇರುವಾಗಲೇ ಕಲಿಯತೊಡಗಲಿ.

ಶುರು ಮಾಡುವುದು ಹೀಗೆ. ಹೊಟ್ಟೆ ತುಂಬಿರಬಾರದು. ತುಟಿ ಮುಚ್ಚಿ, ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ಒತ್ತಿ, ನಾಲಿಗೆಯ ಉಳಿದ ಭಾಗವನ್ನು ಅಂಗುಳಿಗೆ ಒತ್ತುತ್ತಾ ಹಿಂದಕ್ಕೆ ತಂದು ಗಾಳಿಯನ್ನು ಗಂಟಲ ಕಡೆ ತಳ್ಳುವುದು. ಗುಟುಕು ಇಳಿದ ಹಾಗಾದ ಕೂಡಲೇ ಬಾಯಿ ತೆರೆದು "ಆ" ಎನ್ನುವುದು. ನುಂಗಿಬಿಟ್ಟರೆ ಗಾಳಿ ಹೊಟ್ಟೆಗೆ ಹೋಗಿ ಉಬ್ಬರಿಸುತ್ತದೆ, ಸ್ವರ ಬರುವುದಿಲ್ಲ. ಬಂದ ಮೇಲೆ ಪ, ತ, ಟ, ಕ ಇರುವ ಮಾತುಗಳನ್ನು ಹಿಡಿಯಬೇಕು, ಏಕೆಂದರೆ ಈ ಅಕ್ಷರಗಳನ್ನು ಒತ್ತಿ ಹೇಳುವಾಗ ಬಾಯಿಯ ಗಾಳಿ ತಾನಾಗಿ ಹಿಂದಕ್ಕೆ ಹೋಗುತ್ತದೆ. "ಪಾಪು", "ತಟ್ಟೆ", "ಕಾಕ", "ಕಟ್ಟು" ಸುಲಭ. ಹಕಾರಕ್ಕೆ ಬೇಕಾದ ಉಸಿರು ಬಾಯಿಗೆ ಬಾರದ ಕಾರಣ "ಹಾಲು" ಕೊನೆಗೂ "ಆಲು" ಆಗಿಯೇ ಕೇಳಬಹುದು, ಅದಕ್ಕೆ ಬೇಸರಿಸಬೇಡಿ. ಹತ್ತು ನಿಮಿಷದ ಅಭ್ಯಾಸ ದಿನಕ್ಕೆ ಹಲವು ಬಾರಿ, ಒಂದೇ ಸಲ ಒಂದು ಗಂಟೆ ಬೇಡ. ಒತ್ತಡ ಹಾಕುವಾಗ ಸ್ಟೋಮಾದಿಂದ ಬುಸ್ ಎಂದು ಗಾಳಿ ಹೊರಟರೆ ಮಾತೇ ಮುಚ್ಚಿಹೋಗುತ್ತದೆ, ಮೊದಲಿನಿಂದಲೂ ಮೆಲ್ಲಗೆ ಉಸಿರಾಡುವ ರೂಢಿಯಾಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮತ್ತು ಮಂಗಳೂರಿನಲ್ಲಿ ವಾಕ್ ಚಿಕಿತ್ಸಕರು ಸಿಗುತ್ತಾರೆ. ಮೊದಲ ಪಾಠಗಳನ್ನು ಎದುರು ಕುಳಿತೇ ಕಲಿಯಬೇಕು, ಆಮೇಲೆ ವಿಡಿಯೋ ಕರೆಯಲ್ಲಿ ಮುಂದುವರಿಸಬಹುದು.

ತಮ್ಮ ತರುವ ಮೆಷಿನ್, ಅಂದರೆ ಎಲೆಕ್ಟ್ರೋಲ್ಯಾರಿಂಕ್ಸ್, ಬೇಡ ಎನ್ನಲಾರೆ. ವಾಲ್ವ್ ಸೋರಿ ಬದಲಾಯಿಸಲು ಕಾಯುವ ದಿನಗಳಿಗೆ, ರಂಧ್ರ ಕುಗ್ಗಲು ಬಿಟ್ಟ ದಿನಗಳಿಗೆ ಅದು ಬೇಕಾಗುತ್ತದೆ. ಆದರೆ ತರುವ ಮೊದಲು ಒಂದನ್ನು ಹಿಡಿದು ನೋಡಲೇಬೇಕು. ರೇಡಿಯೇಶನ್ ಆದ ಕುತ್ತಿಗೆ ಮರದಂತೆ ಗಟ್ಟಿಯಾಗಿದ್ದರೆ ಕಂಪನ ಒಳಗೆ ಹೋಗದೆ ಹೊರಗೆ ಝೇಂಕಾರ ಮಾತ್ರ ಕೇಳುತ್ತದೆ. ದವಡೆಯ ಕೆಳಗೆ, ಎರಡು ಬದಿ, ಕೊನೆಗೆ ಕೆನ್ನೆ, ಹೀಗೆ ಬೆರಳಿಗೆ ಮೆತ್ತಗೆ ಸಿಗುವ ಜಾಗ ಹುಡುಕಿ, ಮೆಷಿನ್ನಿನ ತಲೆಯನ್ನು ಚರ್ಮಕ್ಕೆ ಪೂರ್ತಿ ಒತ್ತಿ, "ಒಂದು, ಎರಡು, ಮೂರು" ಹೇಳಿಸಿ ನೋಡಿ. ಎಲ್ಲೂ ಆಗದಿದ್ದರೆ ಬಾಯಿಯ ಮೂಲೆಗೆ ಹಾಕುವ ಸಣ್ಣ ನಳಿಗೆ ಕೆಲವು ಮೆಷಿನ್ನುಗಳ ಜೊತೆ ಬರುತ್ತದೆ, ಅಂಥದ್ದನ್ನೇ ಕೊಳ್ಳಿ. ಮೆಷಿನ್ ಬಿಡದೆ ಗುಂಯ್ ಎನ್ನುವುದರಿಂದ "ಪೇಟೆ" "ಬೇಟೆ" ಆಗಿ, "ಕುಡಿ" "ಗುಡಿ" ಆಗಿ ಕೇಳುತ್ತದೆ. ಒಂಟಿ ಪದದ ಬದಲು ಪೂರ್ತಿ ವಾಕ್ಯ ಹೇಳಿದರೆ ಕೇಳುವವರಿಗೆ ತಿಳಿಯುತ್ತದೆ. ವಾಕ್ಯ ಮುಗಿದ ಕೂಡಲೇ ಬೆರಳು ತೆಗೆಯಬೇಕು, ಹೊಸಬರು ತಪ್ಪುವುದು ಅಲ್ಲೇ.

ಖರ್ಚಿನ ಬಗ್ಗೆ ಒಂದು ಮಾತು. ಬೆಂಗಳೂರಿನ ತಜ್ಞ ಡಾ. ವಿಶಾಲ್ ರಾವ್ ಅವರು ರೂಪಿಸಿದ ಔಂ ಎಂಬ ವಾಲ್ವ್ ಸುಮಾರು 50 ರೂಪಾಯಿಯದ್ದೆಂದು ಸುದ್ದಿಯಾದದ್ದು ನಿಮಗೂ ನೆನಪಿರಬಹುದು. ಆಮದಿನ ವಾಲ್ವುಗಳಿಗೆ ಸಾವಿರಗಟ್ಟಲೆ ಆಗುತ್ತದೆ. ಅದು ನಿಮ್ಮ ವೈದ್ಯರ ಬಳಿ ಸಿಗುತ್ತದೆಯೇ, ತಂದೆಯವರ ಅಳತೆಗೆ ಹೊಂದುತ್ತದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ತಪ್ಪು ಅಳತೆಯದ್ದಾದರೆ ಅಗ್ಗದ್ದೂ ಸೋರುತ್ತದೆ.

ತೋಟದ ವಿಷಯ ಬರೆದಿದ್ದೀರಿ, ಅದಕ್ಕೆ ಇದನ್ನೂ ಹೇಳುತ್ತೇನೆ. ಮಳೆಗಾಲದಲ್ಲಿ ಮಹಾಳಿಗೆ ಬೋರ್ಡೋ ದ್ರಾವಣ ಹೊಡೆಯುವಾಗ ತಂದೆಯವರು ತೋಟದಲ್ಲಿರಬಾರದು. ಅವರ ಉಸಿರು ಈಗ ಮೂಗಿನ ಮೂಲಕ ಸೋಸಿ ಹೋಗುವುದಿಲ್ಲ, ಮೈಲುತುತ್ತು ಸುಣ್ಣದ ತುಂತುರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೇರೆ ದಿನಗಳಲ್ಲೂ ಸ್ಟೋಮಾದ ಮೇಲೆ ಫಿಲ್ಟರ್ ಅಥವಾ ತೇವದ ತೆಳು ಬಟ್ಟೆ ಇರಲಿ. ಕೆರೆಗೆ ಇಳಿಯುವುದು ಬೇಡ. ಸೀಟಿ ಊದಿ ಆಳುಗಳನ್ನು ಕರೆಯೋಣವೆಂದರೆ ಬಾಯಿಗೆ ಬೇಕಾದಷ್ಟು ಗಾಳಿ ಬರುವುದಿಲ್ಲ, ಗಂಟೆಯೊಂದನ್ನು ಕೈಯಲ್ಲಿಟ್ಟುಕೊಳ್ಳಲಿ.

ಈ ವಾರವೇ ವೈದ್ಯರ ಸಮಯ ತೆಗೆದುಕೊಳ್ಳಿ. ಅಲ್ಲಿಯವರೆಗೆ ಚಹಾ, ನೀರು, ತಿಳಿಸಾರು ಚಮಚದಲ್ಲಿ ಸ್ವಲ್ಪ ಸ್ವಲ್ಪ, ಸಾಧ್ಯವಿದ್ದಲ್ಲಿ ಗಂಜಿಯ ಹಾಗೆ ದಪ್ಪ ಮಾಡಿ ಕೊಡಿ, ಕುಡಿದ ಮೇಲೆ ಕೆಮ್ಮಿ ಕಫ ತೆಗೆಯಲಿ. ಮೈ ಬಿಸಿಯಾದರೆ, ಕಫ ಹಳದಿ ಹಸಿರಾಗಿ ವಾಸನೆ ಬಂದರೆ, ಉಸಿರು ಮೇಲೆ ಮೇಲೆ ಬಂದರೆ ಅಪಾಯಿಂಟ್‌ಮೆಂಟ್ ಕಾಯದೆ ಅದೇ ದಿನ ಹೋಗಿ. ಹೋಗುವಾಗ ವಾಲ್ವಿನ ಕಾರ್ಡ್, ಹಸಿರು ನೀರಿನ ವಿಡಿಯೋ, ಟಿಎಸ್‌ಎಚ್ ವರದಿ ಮೂರೂ ಜೊತೆಗಿರಲಿ. ಈ ಸಲ ಹಾಕಿದ ಅಳತೆಯನ್ನು ಕಾರ್ಡಿನಲ್ಲಿ ನಿಮ್ಮೆದುರೇ ಬರೆಸಿಕೊಳ್ಳಿ.